ತಲೆಕೆಳಗಿನ ಗಡಿಯಾರದಲ್ಲಿ ಬ್ರಿಟನ್ ಸಮಯ: ನನ್ನ ಅನುಭವ

ಗೋಡೆ ಗಡಿಯಾರವನ್ನು ತಲೆಕೆಳಗಾಗಿ ತೂಗುಹಾಕಿದರೆ ಬ್ರಿಟನ್ ಸಮಯ ತೋರಿಸುತ್ತದೆ ಅಂತ ನಾನು ಹೇಳಿದಾಗ ಸುಂಟಿಕೊಪ್ಪದಲ್ಲಿ ನಕ್ಕವರೇ ಜಾಸ್ತಿ. ಪಕ್ಕದ ತೋಟದವರ ಮಗ ದುಬೈನಲ್ಲಿದ್ದಾನೆ. ಅವರಿಗೆ ವರ್ಷಪೂರ್ತಿ ಒಂದೂವರೆ ಗಂಟೆ ಕಳೆದರೆ ಮುಗಿಯಿತು. ಅವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು? ನನ್ನ ಮಗಳು ಲೀಡ್ಸ್‌ನಲ್ಲಿ ನರ್ಸ್. ಈಗ ಆ ಗಡಿಯಾರ ನಮ್ಮ ಅಡುಗೆಮನೆಯಲ್ಲಿ ಮೂರನೇ ವರ್ಷ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಫೋನಲ್ಲೇ ವರ್ಲ್ಡ್ ಕ್ಲಾಕ್ ಇದೆಯಲ್ಲ ಅಂತ ಕೇಳುತ್ತೀರಿ, ಗೊತ್ತು. ನನಗೆ ಅದು ಸಾಕು. ನನ್ನ ಅಮ್ಮನಿಗೆ ಸಾಲದು. ಅವರದು ಬಟನ್ ಫೋನ್. ಮೊಮ್ಮಗಳಿಗೆ ಮಿಸ್ಡ್ ಕಾಲ್ ಕೊಡುತ್ತಾರೆ, ಅವಳು ತಿರುಗಿ ಮಾಡುತ್ತಾಳೆ. ಎರಡು ರಿಂಗ್ ಆಗಿ ಕಟ್ ಮಾಡಿದರೆ ಖರ್ಚಿಲ್ಲ. ಆದರೆ ಅವಳು ಡ್ಯೂಟಿಯಲ್ಲಿದ್ದಾಗ ಫೋನ್ ಆಫ್ ಇರುತ್ತದೆ. ಆಗ ರಿಂಗೇ ಆಗದೆ ಸೀದಾ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ವಾಯ್ಸ್‌ಮೇಲ್ ಎತ್ತಿಕೊಂಡರೂ ಕಾಲ್ ಸೇರಿದ ಲೆಕ್ಕವೇ, ಐಎಸ್‌ಡಿ ದುಡ್ಡು ಕಟ್. ಅಮ್ಮನಿಗೆ ಯಾರೋ ಇಂಗ್ಲಿಷ್ ಹೆಂಗಸು ಮಾತಾಡುವುದು ಕೇಳಿಸುತ್ತದೆ, ಅವರೂ ಪೂರ್ತಿ ಕೇಳಿಸಿಕೊಳ್ಳುತ್ತಾರೆ! ಒಂದು ಮಳೆಗಾಲದಲ್ಲಿ ಹೀಗೇ ಸಾವಿರ ರೂಪಾಯಿ ಹತ್ತಿರ ಹೋಯಿತು.

ಮೊದಲು ಗೋಡೆಗೆ ಚೀಟಿ ಅಂಟಿಸಿದೆ. ಇಲ್ಲಿ ಇಷ್ಟು ಗಂಟೆ, ಅಲ್ಲಿ ಇಷ್ಟು ಗಂಟೆ ಅಂತ. ಮಾರ್ಚ್ ಕೊನೆವರೆಗೂ ಚೆನ್ನಾಗಿ ನಡೆಯಿತು. ಆಮೇಲೆ ಬ್ರಿಟನ್ನಿನವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಟುಕೊಂಡರು, ಚೀಟಿ ಪೂರ್ತಿ ತಪ್ಪಾಯಿತು. ಮುಂದೆ ಮುನ್ನೂರು ಚಿಲ್ಲರೆ ಕೊಟ್ಟು ಇನ್ನೊಂದು ಗಡಿಯಾರ ತಂದು ಬ್ರಿಟನ್ ಸಮಯ ಇಟ್ಟೆ. ಅದನ್ನು ನೋಡಿ ನನ್ನ ಹೆಂಡತಿ ಎರಡು ಸಲ ಕೆಲಸದವರ ಊಟದ ಹೊತ್ತು ತಪ್ಪಿಸಿದಳು. ಜುಲೈನಲ್ಲಿ ಸೆಲ್ ತಂಪು ಹಿಡಿದು ಗಡಿಯಾರ ನಿಧಾನವಾಯಿತು. ಎಷ್ಟು ಹಿಂದೆ ಬಿದ್ದಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅದನ್ನು ಹೋಲಿಸಿ ನೋಡಲು ಮನೆಯಲ್ಲಿ ಬೇರೆ ಬ್ರಿಟನ್ ಗಡಿಯಾರ ಇಲ್ಲವಲ್ಲ.

ತಲೆಕೆಳಗಿನ ಗಡಿಯಾರದ ಗುಟ್ಟು ಇಲ್ಲೇ ಇದೆ. ಅದು ಓಡುವುದು ನಮ್ಮ ಸಮಯದಲ್ಲೇ. ನಿಂತರೆ ರೇಡಿಯೋ ಕೇಳಿ ಯಾರು ಬೇಕಾದರೂ ಸರಿ ಮಾಡಬಹುದು. ಚಳಿಗಾಲದಲ್ಲಿ ಬ್ರಿಟನ್ ನಮಗಿಂತ ಐದೂವರೆ ಗಂಟೆ ಹಿಂದೆ. ಗಡಿಯಾರ ತಿರುಗಿಸಿದರೆ ನಿಮಿಷದ ಮುಳ್ಳು ಅರ್ಧ ಗಂಟೆ ಆಚೆ ಬೀಳುತ್ತದೆ, ಗಂಟೆ ಮುಳ್ಳು ಎದುರಿನ ಜಾಗಕ್ಕೆ ಹೋಗುತ್ತದೆ. ನಮ್ಮ ಮಧ್ಯಾಹ್ನ 12 ಗಂಟೆ ತಿರುಗಿಸಿದರೆ ಕಾಣುವುದು 6:30. ಅಲ್ಲಿ ಆಗ ಬೆಳಿಗ್ಗೆ ಆರೂವರೆಯೇ.

ಒಂದೇ ತೊಡಕು ಗಂಟೆ ಮುಳ್ಳಿನದು. ಅದು ನಮ್ಮ ಸಮಯಕ್ಕೆ ಸರಿಯಾಗಿ ನಿಂತಿರುತ್ತದೆ, ಆದ್ದರಿಂದ ತಿರುಗಿಸಿದಾಗ ಅರ್ಧ ಗಂಟೆಯಷ್ಟು ಹಿಂದೆ ಕಾಣುತ್ತದೆ. 12:45ಕ್ಕೆ ನೋಡಿ. ನಿಮಿಷದ ಮುಳ್ಳು 15ರಲ್ಲಿ, ಗಂಟೆ ಮುಳ್ಳು ಇನ್ನೂ ಏಳನ್ನು ಮುಟ್ಟಿಲ್ಲ. ಮಾಮೂಲಿ ಅಭ್ಯಾಸದಲ್ಲಿ ಆರೂಕಾಲು ಅಂತ ಓದುತ್ತೇವೆ. ಅಲ್ಲಿ ನಿಜವಾಗಿ ಏಳೂಕಾಲು. ಇದಕ್ಕೇ ಬಹಳ ಜನ ಇದು ಆಗದ ಕೆಲಸ ಅಂತ ಕೈಬಿಟ್ಟರು. ನಾನು ಕೂತು ಗಂಟೆಗಂಟೆಗೂ ನೋಡಿ ಒಂದು ನಿಯಮ ಮಾಡಿಕೊಂಡೆ: ಮುಳ್ಳು ಯಾವುದನ್ನು ದಾಟಿದೆ ಅಂತ ನೋಡಬೇಡಿ, ಯಾವ ಅಂಕಿಗೆ ಹತ್ತಿರ ಇದೆ ನೋಡಿ. ಸರಿಯಾಗಿ ನಡುವೆ ನಿಂತಿದ್ದರೆ ಮುಂದಿನದನ್ನು ಹಿಡಿಯಿರಿ. ದಿನದ ಯಾವ ಹೊತ್ತಿಗೂ ಇದು ತಪ್ಪಲ್ಲ. ಅಮ್ಮ ಎರಡೇ ದಿನದಲ್ಲಿ ಕಲಿತರು.

ಅಂಕಿ ಇರುವ ಗಡಿಯಾರ ತಂದರೆ ಅಂಕಿಗಳೂ ತಲೆಕೆಳಗಾಗಿ 6 ಮತ್ತು 9 ಕಲಸಿಹೋಗುತ್ತವೆ. ಬರೀ ಗೆರೆ ಇರುವ ಡಯಲ್ ತನ್ನಿ. ನಾನು ಆಮೇಲೆ ನೇರ ಅಂಕಿಗಳನ್ನು ಅಂಟಿಸಿದೆ. ಮುಳ್ಳು ಬಗ್ಗದ ಹಾಗೆ ಗಾಜು ಬಿಚ್ಚುವ ಉಪಾಯವನ್ನು ಇಲ್ಲಿ ಹೇಳಲ್ಲ, ಮನೆಗೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.

ಇನ್ನು ಬೇಸಿಗೆಯ ಒಂದು ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ಗಂಟೆ. ಎರಡೂ ಸಲ ಬದಲಾಗುವುದು ನಮ್ಮ ಬೆಳಿಗ್ಗೆ 6:30ಕ್ಕೇ. ಆ ಭಾನುವಾರ ಯಾವಾಗಲೂ 25ರಿಂದ 31ರ ಒಳಗೆ ಬರುತ್ತದೆ. 2026ರಲ್ಲಿ ಮಾರ್ಚ್ 29 ಮತ್ತು ಅಕ್ಟೋಬರ್ 25. ಗಡಿಯಾರ ಮುಟ್ಟಬೇಡಿ, ಮುಟ್ಟಿದರೆ ಮತ್ತೆ ಹಳೇ ಪಾಡೇ. ಮಾರ್ಚ್‌ನ ಆ ಭಾನುವಾರ ತಿಂಡಿಗೆ ಮುಂಚೆ ನಾನು ಅದರ ಮೊಳೆಗೆ ಕೆಂಪು ದಾರ ಕಟ್ಟುತ್ತೇನೆ, ಅಕ್ಟೋಬರ್‌ನಲ್ಲಿ ಬಿಚ್ಚುತ್ತೇನೆ. ದಾರ ಇದ್ದರೆ ಒಂದು ಗಂಟೆ ಕೂಡಿಸಬೇಕು, ಅಷ್ಟೇ.

ಮಗಳ ಹಗಲು ಡ್ಯೂಟಿ ಬೆಳಿಗ್ಗೆ ಏಳೂವರೆಗೆ ಶುರು. ಅವಳು ಸಿಗುವುದು ಆರೂವರೆ ಸುಮಾರಿಗೆ, ಚಹಾ ಕುಡಿಯುವಾಗ. ದಾರ ಇಲ್ಲದಾಗ ಅದು ನಮ್ಮ 12 ಗಂಟೆ. ದಾರ ಇದ್ದಾಗ 11 ಗಂಟೆ: ತಿರುಗಿಸಿದ ಗಡಿಯಾರ 5:30 ತೋರಿಸುತ್ತದೆ, ಒಂದು ಕೂಡಿಸಿದರೆ 6:30. ಸಂಜೆ ಡ್ಯೂಟಿ ಮುಗಿಸಿ ಅವಳು ಮನೆ ಸೇರುವಾಗ ಇಲ್ಲಿ ರಾತ್ರಿ ಒಂದೋ ಎರಡೋ ಆಗಿರುತ್ತದೆ, ಆ ಹೊತ್ತು ಬಿಟ್ಟೇಬಿಟ್ಟಿದ್ದೇವೆ. ರಾತ್ರಿ ಪಾಳಿಯ ವಾರಗಳಿಗೆ ಅಮ್ಮನಿಗೂ ಮೊಮ್ಮಗಳಿಗೂ ಬೇರೆ ಗುರುತು ಇದೆ. ಅದು ಅವರಿಬ್ಬರ ವ್ಯವಹಾರ, ನನಗೂ ಹೇಳಲ್ಲ.

ದಾರ ಸರಿಯಾಗಿ ಕಟ್ಟಿದ್ದೇನಾ ಅಂತ ನೋಡಲು ನಮಗೆ ಕಾಫಿ ಬೆಳೆಗಾರರಿಗೆ ಒಂದು ಅನುಕೂಲ ಇದೆ. ರೊಬಸ್ಟಾ ಕಾಫಿಯ ಬೆಲೆ ನಿಗದಿಯಾಗುವ ಟರ್ಮಿನಲ್ ಮಾರುಕಟ್ಟೆ ಲಂಡನ್ನಿನದು, ಅಲ್ಲಿಯ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ. ಚಳಿಗಾಲದಲ್ಲಿ ನಮಗೆ ಎರಡೂವರೆಗೆ ರೇಟು ಅಲುಗಾಡಲು ಶುರುವಾಗುತ್ತದೆ. ದಾರ ಕಟ್ಟಿದ ಮರುದಿನ ಸೋಮವಾರ ಒಂದೂವರೆಗೇ ಅಲುಗಾಡಿದರೆ ದಾರ ಸರಿ. 2024ರಲ್ಲಿ ಮಾರ್ಚ್ 31 ಈಸ್ಟರ್ ಭಾನುವಾರವೇ ಆಗಿತ್ತು, ಸೋಮವಾರ ಅಲ್ಲಿ ರಜೆ. ಮಂಗಳವಾರದವರೆಗೆ ಕಾಯಬೇಕಾಯಿತು.

ಸುಮ್ನೆ ಕುತೂಹಲಕ್ಕೆ ಬೇರೆ ದೇಶಗಳನ್ನೂ ನೋಡಿದೆ. ಇದೇ ಗಡಿಯಾರ ನ್ಯೂಜಿಲೆಂಡಿಗೂ ಹೊಂದುತ್ತದೆ! ಏಪ್ರಿಲ್ ಮೊದಲ ಭಾನುವಾರದಿಂದ ಸೆಪ್ಟೆಂಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಆರೂವರೆ ಗಂಟೆ ಮುಂದೆ. ನಮ್ಮ ಮಧ್ಯಾಹ್ನ 12ಕ್ಕೆ ಅಲ್ಲಿ ಸಂಜೆ 6:30. ಮುಳ್ಳುಗಳು ಅವೇ, ಬೆಳಿಗ್ಗೆ ಹೋಗಿ ಸಂಜೆ ಆಯಿತು, ಅಷ್ಟೇ. ಉಳಿದ ತಿಂಗಳು ಅಲ್ಲಿಗೂ ಒಂದು ಗಂಟೆ ಕೂಡಿಸಬೇಕು.

ಈಗ ಆ ಪಕ್ಕದ ತೋಟದವರೇ ಟೊರಾಂಟೊಗೆ ಒಂದು ಮಾಡಿಕೊಡಿ ಅನ್ನುತ್ತಿದ್ದಾರೆ, ಅವರ ಮಗಳು ಅಲ್ಲಿಗೆ ಹೋಗಿದ್ದಾಳೆ. ಬ್ರಿಟನ್ ಸಮಯದಿಂದ ಇನ್ನೂ ಐದು ಕಳೆದರೆ ಟೊರಾಂಟೊ, ಆದರೆ ಅಲ್ಲಿಯವರು ಗಡಿಯಾರ ಮುಂದಿಡುವುದು ಮಾರ್ಚ್ ಎರಡನೇ ಭಾನುವಾರ, ಹಿಂದಿಡುವುದು ನವೆಂಬರ್ ಮೊದಲ ಭಾನುವಾರ. ಬ್ರಿಟನ್ನಿನ ಬದಲಾವಣೆಗೂ ಅವರದಕ್ಕೂ ನಡುವಿನ ಆ ಕೆಲವು ವಾರ ಅಂತರ ನಾಲ್ಕೇ ಆಗಿಬಿಡುತ್ತದೆ, ನನ್ನ ಒಂದು ದಾರ ಸಾಲದು. ಎರಡನೇ ಬಣ್ಣದ ದಾರ ಹಾಕಿ ನೋಡುತ್ತಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಬನ್ನಿ ಅಂದಿದ್ದೇನೆ, ಗಡಿಯಾರದ ಖರ್ಚು ಅವರದೇ.