176 ಯೂನಿಟ್ಟಿನ ಬಿಲ್ಲು, 60 ದಿನದ ಲೆಕ್ಕ: ನನ್ನ ಅನುಭವ

ಕರೆಂಟ್ ಬಿಲ್ಲಿನಲ್ಲಿ ಹೆಚ್ಚು ಹಿಡಿದ ಹಣ ವಾಪಸ್ ಕೇಳಲು ಹೊರಟಾಗ "ನಾನೂರು ರೂಪಾಯಿಗೆ ಎರಡು ಸಲ ಅರ್ಧ ದಿನ ರಜೆ ಹಾಕ್ತೀರಾ ಭಾವ?" ಅಂತ ನಕ್ಕಿದ್ದ ನನ್ನ ಭಾವಮೈದ. ಈಗ ಅವನ ಮನೆ ಬಿಲ್ಲುಗಳೂ ನನ್ನ ಹತ್ತಿರವೇ ಬರುತ್ತವೆ, ಇರಲಿ.

ನಮ್ಮದು ಮೂರು ಬಾಡಿಗೆ ಮನೆಗಳ ಕಟ್ಟಡ. ಮೂರೂ ಮೀಟರ್ ಒಂದೇ ಪೆಟ್ಟಿಗೆಯೊಳಗೆ ಇವೆ. 2023ರ ಜೂನ್‌ನಲ್ಲಿ ರೀಡರ್ ಬಂದಾಗ ಪೆಟ್ಟಿಗೆಗೆ ಬೀಗ ಬಿದ್ದಿತ್ತು, ಹಾಗಾಗಿ ಸರಾಸರಿ ಬಿಲ್ ಕೊಟ್ಟು ಹೋದ. ಜುಲೈನಲ್ಲಿ ಸರಿಯಾದ ರೀಡಿಂಗ್ ಬಂತು. ಕೆಳಮನೆಯದು ಮೇ 4ಕ್ಕೆ 4312, ಜುಲೈ 3ಕ್ಕೆ 4488. ವ್ಯತ್ಯಾಸ 176. ಜೂನ್‌ನಲ್ಲಿ ಕಟ್ಟಿದ ಸರಾಸರಿ ಹಣವನ್ನು ಸರಿಯಾಗಿಯೇ ಕಳೆದಿದ್ದರು. ಆದರೂ ಮೊತ್ತ ಯಾಕೋ ದಪ್ಪಗಿತ್ತು.

ಮೊದಲ ಅರ್ಜಿಯಲ್ಲಿ ಮರ್ಯಾದೆ ಹೋಯಿತು. ಹಳೇ ಅಭ್ಯಾಸದಲ್ಲಿ ಮೊದಲ 100 ಯೂನಿಟ್‌ಗೆ 4.75, ಉಳಿದ 76ಕ್ಕೆ 7 ಅಂತ ಹಾಕಿ 1,007 ರೂಪಾಯಿ ತೋರಿಸಿದೆ. ಬಿಲ್ಲಿನಲ್ಲಿದ್ದದ್ದು 1,232. ಉಪವಿಭಾಗದ ಕಚೇರಿಯ ಗುಮಾಸ್ತರು ಕಾಗದ ಹಿಂದಕ್ಕೆ ತಳ್ಳಿ, "ಏಪ್ರಿಲ್‌ನಿಂದ ಹಾಗಿಲ್ಲ ಸಾರ್, ನೂರು ದಾಟಿದ್ರೆ ಪೂರ್ತಿ ಯೂನಿಟ್‌ಗೂ ಏಳು ರೂಪಾಯಿ" ಅಂದರು. ಅವರು ಹೇಳಿದ್ದು ಸರಿಯೇ. ಮೇ ತಿಂಗಳಲ್ಲಿ ಬಂದು ಏಪ್ರಿಲ್ 1ರಿಂದಲೇ ಜಾರಿಯಾದ ದರದಲ್ಲಿ ಮೆಟ್ಟಿಲು ಇರಲಿಲ್ಲ, ನೂರರ ಹತ್ತಿರ ಒಂದು ಪ್ರಪಾತವೇ ಇತ್ತು. 100ಕ್ಕೆ 475 ಆದರೆ 101ಕ್ಕೆ 707.

ವಾಪಸ್ ಬರುವಾಗ ಸ್ಕೂಟರ್ ಮೇಲೆ ಹೊಳೆಯಿತು. ಆ ನೂರು ಒಂದು ತಿಂಗಳಿಗೆ ತಾನೇ? 176 ಬಂದಿರುವುದು 60 ದಿನಕ್ಕೆ. ಅಂದರೆ ತಿಂಗಳಿಗೆ 88 ಮಾತ್ರ. ಎರಡೂ ತಿಂಗಳು 4.75ರಲ್ಲೇ ಮುಗಿಯಬೇಕು. 176ಕ್ಕೆ 836 ರೂಪಾಯಿ, ವ್ಯತ್ಯಾಸ 396. ಅದರ ಮೇಲಿನ ಶೇ. 9 ತೆರಿಗೆಯೂ ಸೇರಿದರೆ 431 ಚಿಲ್ಲರೆ. ಶೀಟಿನಲ್ಲಿ ಬೇಕಾದದ್ದು ಒಂದೇ ಸಾಲು, B2ನಲ್ಲಿ ಯೂನಿಟ್, C2ನಲ್ಲಿ ದಿನ:

```
=IF(B2/C2*30>100, B2*7, B2*4.75)
```

ಉಳಿದೆರಡು ಮೀಟರನ್ನೂ ಇದಕ್ಕೇ ಹಾಕಿದೆ. ಮಹಡಿ ಮನೆಯದು 118 ಯೂನಿಟ್, ಅಂದರೆ ತಿಂಗಳಿಗೆ 59. ಅಲ್ಲೂ 265 ರೂಪಾಯಿ ಹೆಚ್ಚು ಹಿಡಿದಿದ್ದರು. ಹಿಂದಿನ ಮನೆಯದು 230. ಅದು ಹೇಗೆ ಭಾಗಿಸಿದರೂ ತಿಂಗಳಿಗೆ 115, ಹಾಗಾಗಿ ಏಳು ರೂಪಾಯಿ ನ್ಯಾಯವೇ. ಅದನ್ನು ಅರ್ಜಿಯಿಂದ ನಾನೇ ಬಿಟ್ಟೆ. ಸುಳ್ಳು ಲೆಕ್ಕ ಒಂದಿದ್ದರೆ ಸರಿಯಾದ ಎರಡೂ ಬೀಳುತ್ತವೆ.

ಎರಡನೇ ಅರ್ಜಿಯಲ್ಲಿ ದರದ ಮಾತೇ ಎತ್ತಲಿಲ್ಲ. ಮೇ, ಜೂನ್, ಜುಲೈ ಬಿಲ್ಲುಗಳನ್ನು ಒಂದರ ಕೆಳಗೊಂದು ಜೋಡಿಸಿ ಜೆರಾಕ್ಸ್ ಮಾಡಿಸಿ, ಮೇ ತಿಂಗಳ ಕೊನೆಯ ರೀಡಿಂಗೇ ಜುಲೈನ ಹಿಂದಿನ ರೀಡಿಂಗ್ ಆಗಿರುವುದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಅರ್ಜಿಯನ್ನು ಯಾರ ಮೇಜಿನ ಮೇಲೆ, ಯಾವ ವಾರದಲ್ಲಿ ಇಟ್ಟೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನಲ್ಲೇ ಇರಲಿ. ಎರಡೂ ಮೀಟರ್ ಸೇರಿ 720ರ ಸುಮಾರು ಮುಂದಿನ ಬಿಲ್ಲುಗಳಲ್ಲಿ ಜಮೆ ಆಯಿತು. ಪೆಟ್ರೋಲು, ಜೆರಾಕ್ಸು, ಕ್ಯಾಂಟೀನ್ ಕಾಫಿ ಸೇರಿ ಖರ್ಚು ಮುನ್ನೂರರ ಆಸುಪಾಸು.

ಈ ನಡುವೆ ಮೀಟರೇ ಜೋರಾಗಿ ಓಡುತ್ತಿದೆಯೇನೋ ಅಂತ ಒಂದು ಹುಚ್ಚು ಪರೀಕ್ಷೆಯನ್ನೂ ಮಾಡಿದ್ದೆ. ನಮ್ಮ ಮೀಟರ್ ಮೇಲೆ 3200 imp/kWh ಅಂತ ಇದೆ, ಅಂದರೆ ಒಂದು ಯೂನಿಟ್‌ಗೆ ದೀಪ 3200 ಸಲ ಮಿಣುಕಬೇಕು. ಮನೆಯದೆಲ್ಲ ಆಫ್ ಮಾಡಿ, ಬಕೆಟ್ ನೀರಿಗೆ ಸಾವಿರ ವಾಟ್ಸ್ ಹೀಟರ್ ರಾಡ್ ಇಳಿಸಿ ಕೆಂಪು ದೀಪದ ಮಿಣುಕು ಎಣಿಸಿದೆ. ನಿಮಿಷಕ್ಕೆ 53 ಬರಬೇಕಿತ್ತು, ಬಂದದ್ದು 47. ಓಡುವುದಿರಲಿ, ಮೀಟರ್ ನಿಧಾನ ಇದೆಯಲ್ಲ ಅಂತ ಗಾಬರಿಯಾಗಿ ಸುಮ್ಮನಾದೆ. ಆಮೇಲೆ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ 215 ಇತ್ತು. 230ರ ರಾಡ್ 215ರಲ್ಲಿ 874 ವಾಟ್ಸ್ ಅಷ್ಟೇ ಎಳೆಯುತ್ತದೆ, ಅದಕ್ಕೆ 47 ಸರಿಯಾದ ಲೆಕ್ಕ. ಇಸ್ತ್ರಿಪೆಟ್ಟಿಗೆ ಇಟ್ಟು ಎಣಿಸಲು ಹೋಗಬೇಡಿ, ಅದು ನಡುವೆ ತಾನೇ ಕಟ್ ಆಗುತ್ತದೆ.

ಸೋತದ್ದು ನಿಗದಿತ ಶುಲ್ಕದಲ್ಲಿ. ಆಗ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 110 ರೂಪಾಯಿ. ನನ್ನ ಬಳಿಯ ಮಂಜೂರಾತಿ ಪತ್ರದಲ್ಲಿ ಹಿಂದಿನ ಮನೆಗೆ 3 ಕಿಲೋವ್ಯಾಟ್, ಬಿಲ್ಲಿನಲ್ಲಿ 4. ಗೆದ್ದೇಬಿಟ್ಟೆ ಅಂತ ಹೋದರೆ, ಕಟ್ಟಡದ ಹಳೇ ಯಜಮಾನರೇ ಲೋಡ್ ಹೆಚ್ಚಿಸಿಕೊಂಡ ಅರ್ಜಿ ಕಡತದಿಂದ ಹೊರಬಂತು. ತಿಂಗಳಿಗೆ 110 ಹಾಗೇ ಹೋಗುತ್ತಿತ್ತು. ತೆರಿಗೆ ಇದರ ಮೇಲೆ ಬೀಳಲ್ಲ, ಅಷ್ಟೇ ಸಮಾಧಾನ.

2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗೂ 5.90 ಒಂದೇ ದರ ಆದಮೇಲೆ ನೂರರ ಪ್ರಪಾತ ಮುಚ್ಚಿತು, ನನ್ನ ಸೂತ್ರ ಕೆಲಸ ಕಳೆದುಕೊಂಡಿತು. ನಿಗದಿತ ಶುಲ್ಕ ಮಾತ್ರ 120 ಆಯಿತು. ಮೀಟರ್ ಪೆಟ್ಟಿಗೆಯ ಇನ್ನೊಂದು ಕೀಲಿ ಈಗ ಕೆಳಮನೆಯವರ ಹತ್ತಿರ ಇದೆ.