ಕಚ್ಚಿದಾಗಲ್ಲ, ಬಿಟ್ಟಾಗ ನೋವು: ಬಿರುಕು ಬಿಟ್ಟ ಹಲ್ಲನ್ನು ಪತ್ತೆ ಮಾಡುವುದು ಹೇಗೆ?

ಖಡಕ್ ಜೋಳದ ರೊಟ್ಟಿಯನ್ನು ದವಡೆ ಹಲ್ಲಿನಲ್ಲಿ ಕಚ್ಚುವಾಗ ಅಷ್ಟೇನೂ ಅನ್ನಿಸುವುದಿಲ್ಲ. ಕಚ್ಚು ಸಡಿಲಿಸಿದ ಕ್ಷಣಕ್ಕೇ ಚುಳ್ಳೆಂದು ನೋವು ಹೊಡೆದು ಮಾಯವಾಗುತ್ತದೆ. ತಣ್ಣೀರಿಗೂ ಜುಮ್ಮೆನ್ನುತ್ತದೆ. ಹುಳುಕು ಕಾಣುವುದಿಲ್ಲ, ಎಕ್ಸ್-ರೇಯಲ್ಲೂ ಏನೂ ಸಿಗುವುದಿಲ್ಲ. ಹೀಗಿದ್ದರೆ ಮೊದಲು ಬಿರುಕನ್ನೇ ಅನುಮಾನಿಸಬೇಕು.

ಕಚ್ಚಿದಾಗ ಬಿರುಕಿನ ಎರಡು ಬದಿಗಳು ತುಸು ಅಗಲುತ್ತವೆ. ಬಿಟ್ಟೊಡನೆ ಥಟ್ಟನೆ ಮತ್ತೆ ಕೂಡುತ್ತವೆ. ಆಗ ಹಲ್ಲಿನೊಳಗಿನ ಸೂಕ್ಷ್ಮ ನಾಳಗಳ ದ್ರವ ಒಮ್ಮೆಲೇ ಸರಿದು ನರವನ್ನು ಕೆಣಕುತ್ತದೆ. ಬಿಟ್ಟಾಗ ನೋಯುವುದು ಇದರಿಂದಲೇ.

ಕಲಬುರಗಿಯ 50ರ ಆಸುಪಾಸಿನ ಒಬ್ಬರಿಗೆ ಕೆಳದವಡೆಯ ಎಡಗಡೆ ಈ ನೋವಿದೆ, ಅಲ್ಲಿನ ಎರಡು ದವಡೆ ಹಲ್ಲುಗಳಲ್ಲೂ ಹಳೆಯ ಬೆಳ್ಳಿ ಫಿಲ್ಲಿಂಗ್ ಇದೆ ಎಂದಿಟ್ಟುಕೊಳ್ಳಿ. ಬೇಳೆಯಲ್ಲಿ ಹರಳು ಸಿಕ್ಕ ದಿನದಿಂದ ನೋವು ಶುರುವಾಗಿದೆ. ಯಾವ ಹಲ್ಲು ಎಂದು ಕೇಳಿದರೆ ಅವರು ಬೆರಳಿಟ್ಟು ತೋರಿಸಲಾರರು. ಹಲ್ಲಿನ ಒಳನರಕ್ಕೆ ಜಾಗ ಗುರುತಿಸುವ ಶಕ್ತಿ ಕಡಿಮೆ.

ಮುಖ್ಯ ಪರೀಕ್ಷೆ ಕಚ್ಚಿಸಿ ನೋಡುವುದು. ಇದಕ್ಕೆ ಸಣ್ಣ ಗುಳಿಯುಳ್ಳ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ದವಡೆ ಹಲ್ಲಿನ ಮೇಲೆ ಉಬ್ಬಿರುವ ತುದಿಗಳಲ್ಲಿ ಒಂದೇ ಒಂದರ ಮೇಲೆ ಗುಳಿಯನ್ನು ಕೂರಿಸಿ, ನಿಧಾನ ಗಟ್ಟಿಯಾಗಿ ಕಚ್ಚಿಸಿ, ಒಮ್ಮೆಲೇ ಬಿಡಲು ಹೇಳುತ್ತಾರೆ. ನಂತರ ಮುಂದಿನ ತುದಿ, ಆಮೇಲೆ ಪಕ್ಕದ ಹಲ್ಲು. ನಮ್ಮ ಉದಾಹರಣೆಯಲ್ಲಿ ಮುಂದಿನ ಹಲ್ಲಿನ ಯಾವ ತುದಿಯೂ ನೋಯಲಿಲ್ಲ. ಹಿಂದಿನ ಹಲ್ಲಿನಲ್ಲಿ ನಾಲಿಗೆ ಬದಿಯ ಒಂದು ತುದಿಯನ್ನು ಬಿಟ್ಟಾಗ ಮಾತ್ರ ಅದೇ ನೋವು ಮರುಕಳಿಸಿತು. ಹತ್ತಿಯುಂಡೆ ಕಚ್ಚಿಸಿದರೆ ಭಾರ ಹಲವು ತುದಿಗಳಿಗೆ ಹಂಚಿಹೋಗುತ್ತದೆ, ಹಲ್ಲು ಗೊತ್ತಾದರೂ ತುದಿ ಗೊತ್ತಾಗದೆ ಉಳಿಯಬಹುದು. ಮನೆಯಲ್ಲಿ ಅಡಿಕೆ ಕಚ್ಚಿ ಪರೀಕ್ಷಿಸಿಕೊಳ್ಳಬೇಡಿ. ಬಿರುಕು ಬೇರಿನವರೆಗೆ ಇಳಿಯಬಹುದು.

ಇನ್ನು ಬೆಳಕಿನ ಪರೀಕ್ಷೆ. ಹಲ್ಲನ್ನು ಒಣಗಿಸಿ, ಕೋಣೆಯ ದೀಪ ತಗ್ಗಿಸಿ, ಪಕ್ಕದಿಂದ ಸಣ್ಣ ಪ್ರಖರ ದೀಪ ತಾಗಿಸುತ್ತಾರೆ. ಬಿರುಕು ಆಳಕ್ಕೆ ಇಳಿದಿದ್ದರೆ ಬೆಳಕು ಅಲ್ಲಿಗೇ ನಿಂತು ಆಚೆ ಬದಿ ಕತ್ತಲಾಗುತ್ತದೆ. ಮೇಲ್ಪದರದ ಗೀರು ಮಾತ್ರವಾದರೆ ಬೆಳಕು ಇಡೀ ಹಲ್ಲನ್ನು ದಾಟುತ್ತದೆ. ಆ ಗೀರುಗಳು ವಯಸ್ಸಾದವರಲ್ಲಿ ಸಾಮಾನ್ಯ, ಅವಕ್ಕೆ ಚಿಕಿತ್ಸೆ ಬೇಡ. ಫಿಲ್ಲಿಂಗ್ ಬೆಳಕನ್ನು ತಡೆಯುವುದರಿಂದ ಅದನ್ನು ತೆಗೆದು ತಳ ನೋಡಬೇಕಾಗುತ್ತದೆ. ಮಿಥಿಲೀನ್ ಬ್ಲೂ ಬಣ್ಣ ಹಚ್ಚಿ ತೊಳೆದರೆ ಬಿರುಕಿನ ಗೆರೆ ನೀಲಿಯಾಗಿ ಉಳಿಯುತ್ತದೆ.

ಎಕ್ಸ್-ರೇ ಸೋಲಲು ಕಾರಣವಿದೆ. ಬಿರುಕು ಹೆಚ್ಚಾಗಿ ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಕಿರಣ ಕೆನ್ನೆ ಕಡೆಯಿಂದ ಅದನ್ನು ಅಡ್ಡಲಾಗಿ ದಾಟುವುದರಿಂದ ಅಷ್ಟು ತೆಳು ಸಂದು ಮೂಡುವುದಿಲ್ಲ.

ಕೊನೆಗೆ ವಸಡಿನ ಸುತ್ತ ಅಳತೆಕಡ್ಡಿ ಇಳಿಸುತ್ತಾರೆ. ಸುತ್ತ ಆಳ 2-3 ಮಿ.ಮೀ. ಇದ್ದು, ಒಂದೇ ಕಡೆ ಕಡ್ಡಿ ಥಟ್ಟನೆ ಆಳಕ್ಕೆ ಇಳಿದರೆ ಬಿರುಕು ಬೇರಿಗೆ ತಲುಪಿರುವ ಸಂಶಯ ಬಲವಾಗುತ್ತದೆ, ಹಲ್ಲು ಉಳಿಯುವುದು ಕಷ್ಟ. ಹಾಗೆ ಇಳಿಯದಿದ್ದರೆ ಹಲ್ಲಿನ ಸುತ್ತ ಸ್ಟೀಲ್ ಬ್ಯಾಂಡ್ ಬಿಗಿದು ಎರಡು-ಮೂರು ವಾರ ಕಾಯುತ್ತಾರೆ. ನೋವು ನಿಂತರೆ ಕ್ಯಾಪ್ ಸಾಕಾಗಬಹುದು. ತಣ್ಣನೆಯದು ತಾಗಿದ ಮೇಲೂ ನೋವು ಬಹಳ ಹೊತ್ತು ಉಳಿದರೆ, ಅಥವಾ ಸುಮ್ಮನಿರುವಾಗಲೇ ಮಿಡಿದರೆ, ಕ್ಯಾಪ್‌ಗೆ ಮೊದಲು ರೂಟ್ ಕೆನಾಲ್ ಬೇಕಾಗುತ್ತದೆ.