ಗುರಿ ಮುಟ್ಟದ ಯೋಜನೆಗೆ ಅಂತಿಮ ವರದಿ ಬರೆಯುವುದು ಹೇಗೆ?

ಯಾದಗಿರಿಯಂಥ ಜಿಲ್ಲೆಯೊಂದರಲ್ಲಿ ಸಂಸ್ಥೆಯೊಂದು ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಓದು ಕಲಿಸುವ ಕೇಂದ್ರಗಳನ್ನು ನಡೆಸಿದೆ ಎಂದಿಟ್ಟುಕೊಳ್ಳಿ. ಒಪ್ಪಂದದಲ್ಲಿದ್ದದ್ದು 40 ಸರ್ಕಾರಿ ಶಾಲೆ, ನಾಲ್ಕು ಮತ್ತು ಐದನೇ ತರಗತಿಯ 1,200 ಮಕ್ಕಳು, ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು, ಒಟ್ಟು 24 ಲಕ್ಷ ರೂಪಾಯಿ. ವರ್ಷದ ಕೊನೆಗೆ ನೂರಕ್ಕೆ 70 ಮಕ್ಕಳು ಎರಡನೇ ತರಗತಿ ಮಟ್ಟದ ಕಥೆಯನ್ನು ಓದಬೇಕು. ನಡೆದದ್ದು ಬೇರೆ. 34 ಕೇಂದ್ರಗಳು ಮಾತ್ರ ಶುರುವಾದವು, ಅದೂ ಆಗಸ್ಟ್‌ನಲ್ಲಿ. ಸೇರಿದ ಮಕ್ಕಳು 960. ಕೊನೆಯ ಪರೀಕ್ಷೆಗೆ ಕೂತವರು 702, ಅವರಲ್ಲಿ ಕಥೆ ಓದಿದವರು 421. ಉದಾಹರಣೆ ಕಲ್ಪಿತವೇ, ಆದರೆ ಇಂಥ ಲೆಕ್ಕ ಈ ಕ್ಷೇತ್ರದಲ್ಲಿ ಹೊಸದೇನಲ್ಲ. ಈಗ ವರದಿ ಬರೆಯಬೇಕು.

ಮೊದಲು ಫೋನು, ಆಮೇಲೆ ವರದಿ

ಕಂಪನಿಯಲ್ಲಿ ನಿಮ್ಮ ಯೋಜನೆ ನೋಡಿಕೊಳ್ಳುವ ಸಿಎಸ್‌ಆರ್ ಮ್ಯಾನೇಜರ್ ಆ ವರದಿಯನ್ನು ಹಿಡಿದುಕೊಂಡು ತಮ್ಮ ಮೇಲಿನವರಿಗೆ, ಅಲ್ಲಿಂದ ಸಿಎಸ್‌ಆರ್ ಸಮಿತಿಗೆ ಉತ್ತರ ಹೇಳಬೇಕು. ಕೊರತೆಯ ಸುದ್ದಿ ಅವರಿಗೆ ಮೊದಲು ಸಿಗುವುದು ಪಿಡಿಎಫ್‌ನ ಹದಿನಾಲ್ಕನೇ ಪುಟದಲ್ಲಾದರೆ, ಸಂಬಂಧ ಕೆಡುವುದು ಅಲ್ಲೇ. ಆದ್ದರಿಂದ ವರದಿ ಕಳಿಸುವ ಎರಡು ವಾರ ಮೊದಲೇ ಕರೆ ಮಾಡಿ ಮೂರು ಸಂಗತಿ ಹೇಳಿ: ಎಷ್ಟು ಗುರಿ ತಪ್ಪಿದೆ, ಯಾಕೆ, ಎಷ್ಟು ಹಣ ಉಳಿದಿದೆ. ಅದೇ ದಿನ ಐದಾರು ಸಾಲಿನ ಇ-ಮೇಲ್‌ನಲ್ಲಿ ಅದನ್ನೇ ಬರೆದು ಕಳಿಸಿ. ಅವರು ‘ಸಮಿತಿಗೆ ತೋರಿಸಲು ಇದೊಂದು ಕೋಷ್ಟಕ ಬೇಕು’ ಎಂದು ಕೇಳಿದರೆ ಒಳ್ಳೆಯ ಲಕ್ಷಣ; ನಿಮ್ಮ ಪರವಾಗಿ ಮಾತಾಡಲು ಅವರು ತಯಾರಾಗುತ್ತಿದ್ದಾರೆ.

ಹಿಂದಿನ ತ್ರೈಮಾಸಿಕ ವರದಿಗಳನ್ನೂ ಕರೆಗೆ ಮುಂಚೆಯೇ ತೆರೆದು ನೋಡಿ. ಉದ್ಘಾಟನೆಯಾಗಿ ನಿಂತುಹೋದ ಆರು ಕೇಂದ್ರಗಳನ್ನೂ ಸೇರಿಸಿ ‘40 ಕೇಂದ್ರಗಳು ಆರಂಭ’ ಎಂದು ಯಾರೋ ಬರೆದಿರಬಹುದು. ಅದನ್ನು ಈಗ ಸದ್ದಿಲ್ಲದೆ 34 ಎಂದು ತಿದ್ದಿದರೆ ಮುಚ್ಚಿಟ್ಟಂತಾಗುತ್ತದೆ. ‘ಎರಡನೇ ತ್ರೈಮಾಸಿಕದ ವರದಿಯಲ್ಲಿ 40 ಎಂದು ಬರೆದಿದ್ದೆವು, ಅದರಲ್ಲಿ ಉದ್ಘಾಟನೆಯ ನಂತರ ಒಂದು ದಿನವೂ ನಡೆಯದ ಆರು ಕೇಂದ್ರಗಳು ಸೇರಿದ್ದವು. ಸರಿಯಾದ ಸಂಖ್ಯೆ 34’ ಎಂದು ಬಾಯಲ್ಲೂ ಹೇಳಿ, ವರದಿಯಲ್ಲೂ ಬರೆಯಿರಿ.

ಯಾವುದರಿಂದ ಭಾಗಿಸುತ್ತೀರಿ?

ಸುಳ್ಳು ಬರೆಯುವ ಉದ್ದೇಶವಿಲ್ಲದವರೂ ಎಡವುವ ಜಾಗ ಇದು. 702ರಲ್ಲಿ 421 ಎಂದರೆ ಶೇ 60. ಗುರಿ 70 ಇತ್ತು, 60 ಆಯಿತು, ಪರವಾಗಿಲ್ಲ ಅನ್ನಿಸುತ್ತದೆ. ಸೇರಿದ 960 ಮಕ್ಕಳಿಂದ ಭಾಗಿಸಿದರೆ ಅದೇ 421 ಶೇ 44ಕ್ಕೆ ಇಳಿಯುತ್ತದೆ. ಒಪ್ಪಂದದ ಮಾತಿಗೆ ಬಂದರೆ, 1,200 ಮಕ್ಕಳ ಶೇ 70 ಅಂದರೆ 840 ಮಕ್ಕಳು ಓದಬೇಕಿತ್ತು. ಓದಿದ್ದು ಅದರ ಅರ್ಧ. ಮೂರೂ ಲೆಕ್ಕ ಸರಿಯೇ. ಮೊದಲನೆಯದನ್ನು ಮಾತ್ರ ಬರೆದರೆ ಮೋಸ.

ಮೂರನ್ನೂ ಒಂದರ ಕೆಳಗೊಂದು ಬರೆಯಿರಿ. ಆಮೇಲೆ ಪರೀಕ್ಷೆಗೆ ಬಾರದ 258 ಮಕ್ಕಳು ಯಾರು ಎಂದು ನೋಡಿ. ದೀಪಾವಳಿ ಕಳೆದ ಮೇಲೆ ಈ ಭಾಗದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಜರಿ ಪುಸ್ತಕ ನೋಡಿದರೆ 150 ಮಕ್ಕಳು ಹೀಗೆ ಹೋದವರು, ಉಳಿದ 108 ಮಕ್ಕಳು ಬರುವುದನ್ನು ಬಿಟ್ಟವರು ಅಥವಾ ಪರೀಕ್ಷೆಯ ದಿನ ಗೈರಾದವರು ಎಂದು ಸಿಕ್ಕಿತು ಅಂದುಕೊಳ್ಳಿ. ಎರಡು ಗುಂಪನ್ನೂ ಬೇರೆಬೇರೆ ತೋರಿಸಿ. ಗುಳೆ ನಿಮ್ಮ ಕೈಮೀರಿದ್ದು. ಕೇಂದ್ರಕ್ಕೆ ಬರುವುದನ್ನೇ ಬಿಟ್ಟದ್ದು ಹಾಗಲ್ಲ.

ಇನ್ನೊಂದು ಲೆಕ್ಕ ಬಾಕಿಯಿದೆ. ಆರಂಭದ ಪರೀಕ್ಷೆಯಲ್ಲೇ ಕಥೆ ಓದುತ್ತಿದ್ದವರು 96 ಮಂದಿ. ಅವರಲ್ಲಿ 84 ಮಂದಿ ಕೊನೆಯ ಪರೀಕ್ಷೆಯಲ್ಲೂ ಇದ್ದಾರೆ, 12 ಮಂದಿ ಮಾತ್ರ ಕೈಬಿಟ್ಟುಹೋದ ಗುಂಪಿನಲ್ಲಿದ್ದಾರೆ. ಅಂದರೆ ಉಳಿದವರಲ್ಲಿ ಶೇ 12 ಮಕ್ಕಳಿಗೆ ಮೊದಲೇ ಓದು ಬರುತ್ತಿತ್ತು, ಹೋದವರಲ್ಲಿ ಶೇ 5ಕ್ಕೂ ಕಡಿಮೆ. ಹೋದವರು ಓದಿನಲ್ಲಿ ಹಿಂದಿದ್ದವರು. ಹಾಗಾಗಿ ಶೇ 60 ಎಂಬುದು ನಿಜಕ್ಕಿಂತ ಚೆನ್ನಾಗಿ ಕಾಣುವ ಅಂಕಿ. ಇದನ್ನು ನೀವೇ ಒಂದು ವಾಕ್ಯದಲ್ಲಿ ಹೇಳಿಬಿಡಿ. ಮೊದಲೇ ಬಲ್ಲ 84 ಮಂದಿ ಕೊನೆಯಲ್ಲೂ ಓದಿದ್ದರೆ ಅವರನ್ನು 421ರಿಂದ ಕಳೆಯಿರಿ, 337 ಉಳಿಯುತ್ತದೆ. ಯೋಜನೆಯ ಅವಧಿಯಲ್ಲಿ ಹೊಸದಾಗಿ ಕಥೆ ಓದಲು ಬಂದ ಮಕ್ಕಳು ಇಷ್ಟು. ಯಾರು ಪ್ರಶ್ನಿಸಿದರೂ ಅಲುಗಾಡದ ಸಂಖ್ಯೆ ಇದೊಂದೇ ಆದ್ದರಿಂದ ವರದಿಯ ಸಾಧನೆಯ ಭಾಗ ಇದರಿಂದ ಶುರುವಾಗಲಿ. ಇದು ಪೂರ್ತಿ ನಿಮ್ಮ ಕೇಂದ್ರಗಳ ಫಲವೇ ಎಂದು ಮಾತ್ರ ಬರೆಯಬೇಡಿ. ಶಾಲೆಯಲ್ಲಿ ಮೇಷ್ಟ್ರೂ ಪಾಠ ಮಾಡಿದ್ದಾರೆ, ಹೋಲಿಸಿ ನೋಡಲು ನಿಮ್ಮ ಬಳಿ ಬೇರೆ ಶಾಲೆಗಳ ಅಂಕಿ ಇಲ್ಲ.

‘ಅನಿವಾರ್ಯ ಕಾರಣಗಳಿಂದ’ ಎಂದು ಬರೆಯಬೇಡಿ

ಮದುವೆ ಮುಂದೂಡಿದ ಪ್ರಕಟಣೆಗೆ ಆ ಮಾತು ಸಾಕು, ವರದಿಗೆ ಸಾಲದು. ಕೊರತೆಯನ್ನು ಮೊದಲು ತುಂಡು ಮಾಡಿ. 240 ಮಕ್ಕಳು ಕಡಿಮೆಯಾದರು ಎಂದರೆ, ಆರಂಭವಾಗದ ಆರು ಕೇಂದ್ರಗಳಿಂದ ತಲಾ 30ರಂತೆ 180, ನಡೆದ ಕೇಂದ್ರಗಳಲ್ಲಿ ಸೇರದವರು 60. ಪ್ರತಿ ತುಂಡಿಗೂ ಕಾರಣ ಬೇರೆ. ಕಾರಣ ಬರೆಯುವಾಗ ದಿನಾಂಕ, ಯಾರ ನಿರ್ಧಾರ, ಗೊತ್ತಾದ ಮೇಲೆ ನೀವೇನು ಮಾಡಿದಿರಿ ಎಂಬ ಮೂರೂ ಇರಬೇಕು.

ಎರಡು ತಿಂಗಳ ವಿಳಂಬವನ್ನೇ ತೆಗೆದುಕೊಳ್ಳಿ. ‘ಶಿಕ್ಷಣ ಇಲಾಖೆಯ ಅನುಮತಿ ತಡವಾಗಿ ಬಂತು’ ಎಂದರೆ ಅರ್ಧಸತ್ಯ. ಪೂರ್ತಿ ಹೀಗಿರುತ್ತದೆ: ‘ಶಾಲೆಗಳಲ್ಲಿ ಕೇಂದ್ರ ನಡೆಸಲು ಅನುಮತಿ ಕೋರಿ ಮೇ ಮೂರನೇ ವಾರ ಅರ್ಜಿ ಕೊಟ್ಟೆವು. ಆಗ ಬೇಸಿಗೆ ರಜೆ. ಅನುಮತಿ ಜುಲೈ ಕೊನೆಗೆ ಬಂತು. ಮಾರ್ಚ್‌ನಲ್ಲೇ ಅರ್ಜಿ ಕೊಟ್ಟಿದ್ದರೆ ಜೂನ್‌ನಲ್ಲಿ ಆರಂಭಿಸುವ ಸಾಧ್ಯತೆಯಿತ್ತು. ಯೋಜನೆ ರೂಪಿಸುವಾಗ ಇದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.’ ಆರು ಕೇಂದ್ರಗಳ ವಿಷಯದಲ್ಲೂ ಹಾಗೆಯೇ. ‘ಸ್ಥಳೀಯರ ಸಹಕಾರ ಸಿಗಲಿಲ್ಲ’ ಎನ್ನುವುದಕ್ಕಿಂತ ‘ಪಿಯುಸಿ ಓದಿದವರು ಆ ಊರುಗಳಲ್ಲಿ ತಿಂಗಳಿಗೆ 4,000 ರೂಪಾಯಿ ಗೌರವಧನಕ್ಕೆ ಸಿಗಲಿಲ್ಲ, ಎರಡು ಬಾರಿ ಕರೆ ಕೊಟ್ಟೆವು, ನಂತರ ಕೈಬಿಟ್ಟೆವು’ ಎನ್ನಿ.

ನಿಮ್ಮ ತಪ್ಪಿನ ಪಾಲನ್ನು ಒಪ್ಪಿಕೊಂಡಾಗ ಹೊರಗಿನ ಕಾರಣಗಳನ್ನೂ ಓದುವವರು ನಂಬುತ್ತಾರೆ. ಆದರೆ ಒಪ್ಪಿಕೊಳ್ಳುವುದು ಒಂದೆರಡು ವಾಕ್ಯಕ್ಕೆ ಮುಗಿಯಲಿ, ಪುಟಗಟ್ಟಲೆ ಕ್ಷಮೆ ಕೇಳಿದರೆ ಓದುವವರಿಗೇ ಮುಜುಗರ. ಬಿಇಒ ಅವರನ್ನೋ ಮುಖ್ಯಶಿಕ್ಷಕರನ್ನೋ ಹೆಸರಿಸಿ ದೂರುವುದೂ ಬೇಡ. ಈ ವರದಿಗಳು ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತವೆ. ಮುಂದಿನ ಬಾರಿಯ ಅನುಮತಿಗೆ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು.

ಉಳಿದ ಹಣ

ಗೌರವಧನಕ್ಕೆ ಇಟ್ಟದ್ದು 40 ಕೇಂದ್ರ, 10 ತಿಂಗಳಿಗೆ 16 ಲಕ್ಷ. ಖರ್ಚಾದದ್ದು 34 ಕೇಂದ್ರ, 8 ತಿಂಗಳಿಗೆ 10.88 ಲಕ್ಷ. ಉಳಿದದ್ದು 5.12 ಲಕ್ಷ. ಫೆಬ್ರುವರಿ ಬರುತ್ತಿದ್ದಂತೆ ಈ ಹಣಕ್ಕೆ ಕೈ ತುರಿಸುತ್ತದೆ. ನಾಲ್ಕು ಟ್ಯಾಬ್, ಒಂದು ಕಾರ್ಯಾಗಾರ, ಬಣ್ಣದ ಫ್ಲೆಕ್ಸು, ಹೀಗೆ ಮಾರ್ಚ್ 31ರೊಳಗೆ ಖಾಲಿ ಮಾಡುವ ರೂಢಿ ಹಲವೆಡೆ ಇದೆ. ಬಿಲ್ಲುಗಳ ದಿನಾಂಕವನ್ನು ಸಾಲಾಗಿ ಜೋಡಿಸಿದರೆ ಯಾವ ಲೆಕ್ಕಪರಿಶೋಧಕರಿಗೂ ಇದು ಕಣ್ಣಿಗೆ ಹೊಡೆಯುತ್ತದೆ.

ಕಂಪನಿಯ ಕಡೆಯಿಂದ ನೋಡಿದರೆ ಪ್ರಶ್ನೆ ಇನ್ನೂ ಬಿಗಿಯಾದದ್ದು. 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ, ಕೊಟ್ಟ ಹಣ ಆಡಳಿತ ಮಂಡಳಿ ಒಪ್ಪಿದ ಉದ್ದೇಶಕ್ಕೆ, ಒಪ್ಪಿದ ರೀತಿಯಲ್ಲೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ನಿಮ್ಮ ವರದಿಯ ಮೇಲೆ ಇನ್ನೊಬ್ಬರ ಸಹಿ ನಿಂತಿದೆ. ಆರ್ಥಿಕ ವರ್ಷದ ಬಾಧ್ಯತೆಯಲ್ಲಿ ಖರ್ಚಾಗದೆ ಉಳಿದ ಮೊತ್ತಕ್ಕೂ ಗಡುವಿದೆ: ಹಲವು ವರ್ಷಗಳ ಮುಂದುವರಿಯುವ ಯೋಜನೆಯದ್ದಾದರೆ ವರ್ಷ ಮುಗಿದ 30 ದಿನಗಳಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಗೆ, ಇಲ್ಲವಾದರೆ ಆರು ತಿಂಗಳೊಳಗೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ನಿಧಿಗೆ ಕಂಪನಿ ವರ್ಗಾಯಿಸಬೇಕು. ಉಳಿಕೆಯ ಸುದ್ದಿಯನ್ನು ನೀವು ಮೇ ತಿಂಗಳಲ್ಲಿ ಹೇಳಿದರೆ ಅವರ ಕೈ ಕಟ್ಟಿಹೋಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡು ತಿಂಗಳು ಹೋದದ್ದರಿಂದ 3.2 ಲಕ್ಷ, ಆರು ಕೇಂದ್ರ ಬಿದ್ದದ್ದರಿಂದ 1.92 ಲಕ್ಷ ಉಳಿಯುತ್ತದೆ ಎಂಬ ಲೆಕ್ಕ ಸೆಪ್ಟೆಂಬರ್‌ಗೇ ಸಿಗುತ್ತಿತ್ತು. ತಡವೆಂದರೂ ಜನವರಿಯಲ್ಲಿ ಬರೆದು ಕೇಳಿ: ಹಣ ಹಿಂದಿರುಗಿಸಬೇಕೇ, ಹೆಚ್ಚಿನ ಹಣವಿಲ್ಲದೆ ಅವಧಿ ವಿಸ್ತರಿಸುತ್ತೀರಾ, ಬೇರೆ ಬಾಬ್ತಿಗೆ ಬಳಸಲು ಒಪ್ಪಿಗೆ ಇದೆಯೇ? ಉತ್ತರ ಬರಹದಲ್ಲಿ ಬರುವ ತನಕ ಹಣ ಮುಟ್ಟಬೇಡಿ.

ವರದಿಯ ಹಣಕಾಸು ಕೋಷ್ಟಕದಲ್ಲಿ ಉಳಿಕೆಗೆ ಒಂದು ಪ್ರತ್ಯೇಕ ಸಾಲು ಇರಲಿ, ಅದರ ಕೆಳಗೆ ಹಣಕ್ಕೆ ಬಂದ ಬ್ಯಾಂಕ್ ಬಡ್ಡಿ. 1,200 ಮಕ್ಕಳಿಗೆಂದು ಪುಸ್ತಕ ಕೊಂಡಿದ್ದರೆ 240 ಸೆಟ್ ಗೋದಾಮಿನಲ್ಲಿವೆ; ಅದನ್ನೂ ಬರೆಯಿರಿ. ಸಿಎ ಕೊಡುವ ಹಣಬಳಕೆ ಪ್ರಮಾಣಪತ್ರದಲ್ಲಿ ಅದರ ಅಸಲಿತನ ತಾಳೆ ನೋಡುವ ಯುಡಿಐಎನ್ ಸಂಖ್ಯೆ ಇದೆಯೇ, ಅಲ್ಲಿನ ಮೊತ್ತವೂ ನಿಮ್ಮ ಕೋಷ್ಟಕದ ಮೊತ್ತವೂ ರೂಪಾಯಿಗೆ ರೂಪಾಯಿ ಹೊಂದುತ್ತವೆಯೇ ಎಂದು ಕಳಿಸುವ ಮುನ್ನ ನೋಡಿ.

ಮೊದಲ ಪುಟ

ಎಲ್ಲಕ್ಕಿಂತ ಕೊನೆಗೆ ಬರೆಯಬೇಕಾದ ಪುಟ ಇದು. ಒಪ್ಪಂದದಲ್ಲಿದ್ದ ಗುರಿಗಳನ್ನು ಅಕ್ಷರ ಬದಲಿಸದೆ ಎಡಗಡೆ ಬರೆದು, ಆದದ್ದನ್ನು ಬಲಗಡೆ ಬರೆಯಿರಿ. ಮಧ್ಯದಲ್ಲಿ ಗುರಿ ಪರಿಷ್ಕರಿಸಿದ್ದರೆ, ಕಂಪನಿ ಒಪ್ಪಿದ ದಿನಾಂಕದೊಂದಿಗೆ ಅದಕ್ಕೊಂದು ಮೂರನೇ ಕಾಲಂ. ಕೋಷ್ಟಕದ ಕೆಳಗೆ ಒಂದು ಪ್ಯಾರಾ:

‘40ರಲ್ಲಿ 34 ಕೇಂದ್ರಗಳು ಎಂಟು ತಿಂಗಳು ನಡೆದವು. 1,200ರ ಬದಲು 960 ಮಕ್ಕಳು ಸೇರಿದರು. 337 ಮಕ್ಕಳು ಹೊಸದಾಗಿ ಕಥೆ ಓದಲು ಕಲಿತರು. ಒಟ್ಟು 840 ಮಕ್ಕಳು ಓದಬೇಕೆಂಬ ಗುರಿಯಲ್ಲಿ 421 ಆಗಿದೆ. ತಡವಾದ ಆರಂಭ, ಆರು ಊರುಗಳಲ್ಲಿ ಕಲಿಸುವವರು ಸಿಗದಿದ್ದದ್ದು ಮತ್ತು ಗುಳೆ ಮುಖ್ಯ ಕಾರಣಗಳು. ಮೊದಲೆರಡನ್ನು ನಾವು ಮುಂಚೆಯೇ ಊಹಿಸಬೇಕಿತ್ತು. 5.12 ಲಕ್ಷ ರೂಪಾಯಿ ಉಳಿದಿದೆ, ತಮ್ಮ ಸೂಚನೆಗಾಗಿ ಕಾದಿರಿಸಿದೆ.’

ಓದಿಸುವ ಚಿತ್ರಗಳು, ಮಕ್ಕಳ ಮಾತುಗಳು ಇದರ ನಂತರದ ಪುಟಗಳಿಗೆ. ಕೊರತೆಯ ಪ್ಯಾರಾವನ್ನು ಎರಡು ಹೊಗಳಿಕೆಗಳ ನಡುವೆ ಅಡಗಿಸುವ ವಿದ್ಯೆ ಸಿಎಸ್‌ಆರ್ ವಿಭಾಗದವರಿಗೆ ಚೆನ್ನಾಗಿ ಗೊತ್ತು.

ಮುಂದಿನ ವರ್ಷದ ಹಣದ ಕೋರಿಕೆಯನ್ನು ಇದೇ ವರದಿಗೆ ಅಂಟಿಸಬೇಡಿ; ಇಷ್ಟು ಹೊತ್ತು ಹೇಳಿದ ನಿಜವೆಲ್ಲ ಪೀಠಿಕೆಯಾಗಿ ಕಾಣುತ್ತದೆ. ಬದಲಾವಣೆಗಳನ್ನು ಮಾತ್ರ ಹೇಳಿ: ಅನುಮತಿ ಅರ್ಜಿ ಮಾರ್ಚ್‌ನಲ್ಲಿ, ಕಲಿಸುವವರು ಸಿಕ್ಕ ಮೇಲಷ್ಟೇ ಊರಿನ ಆಯ್ಕೆ, ಮುಖ್ಯ ಪರೀಕ್ಷೆ ಗುಳೆ ಶುರುವಾಗುವ ಮುನ್ನ ಅಕ್ಟೋಬರ್‌ನಲ್ಲೊಮ್ಮೆ, ಮಾರ್ಚ್‌ನಲ್ಲಿ ಮತ್ತೊಮ್ಮೆ. ವರದಿ ಕಳಿಸಿ ಒಂದು ವಾರ ಬಿಟ್ಟು, ಸಮಿತಿಯ ಸಭೆಗೆ ಮುಂಚೆ ಅರ್ಧ ಗಂಟೆ ಸಮಯ ಕೇಳಿ. ಆ ಭೇಟಿಗೆ ಹೋಗುವಾಗ ಹಾಜರಿ ಪುಸ್ತಕಗಳೂ 702 ಉತ್ತರ ಹಾಳೆಗಳೂ ಕೈಗೆ ಸಿಗುವಂತಿರಲಿ, ಏಕೆಂದರೆ ಶೇ 44ರ ಸಾಲನ್ನು ಓದಿದವರು ಮೊದಲು ಕೇಳುವುದು ಅವನ್ನೇ.